ಶುಕ್ರವಾರದ ಸೀಗೆಕಾಯಿ

ನಮ್ಮತ್ತೆ ಕುವೈತಿಗೆ ಬಂದಾಗ ಅವರ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಸೀಗೆಕಾಯಿಯೇ ಹೆಚ್ಚಿತ್ತು. ಸೀರೆಗಳ ಮಡಿಕೆಯ ನಡುವೆ ಒಣಗಿದ ಸೀಗೆಕಾಯಿ, ಮೂಲೆ ಮೂಲೆಗಳಲ್ಲಿ ತುರುಕಿದ ಅಂಟವಾಳಕಾಯಿ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನೊಬ್ಬ ಒಂದು ಕಾಯಿ ಎತ್ತಿ ಮೂಸಿ, ಇದು ತಿನ್ನುವ ವಸ್ತುವೇ ಎಂದು ಕೈಸನ್ನೆಯಲ್ಲಿ ಕೇಳಿದನಂತೆ. ಇವರು ಸೆರಗು ಸರಿಸಿ, ಎರಡೂ ಕೈಯಿಂದ ತಲೆ ಉಜ್ಜಿ ತೋರಿಸಿದರಂತೆ. ಅವನು ನಕ್ಕು, ಯಲ್ಲಾ, ನಡೆಯಿರಿ ಎಂದು ಬಿಟ್ಟನಂತೆ. ನಮ್ಮ ಬಡಾವಣೆ ಅಬ್ಬಾಸಿಯಾದ ಅಂಗಡಿಗಳಲ್ಲಿ ಇದೆಲ್ಲ ಸಿಗುತ್ತದೆ, ಅಂಟವಾಳವನ್ನು ಇಲ್ಲಿ ರೀಠಾ ಎಂದು ಕೇಳಬೇಕು ಅಷ್ಟೆ ಎಂದು ನಾನು ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಂಗಡಿಯದು ಯಾವ ವರ್ಷದ್ದೋ ಏನೋ ಎಂದರು.

ಮಾವನವರು ತೀರಿಕೊಂಡ ಮೇಲೆ ಗದಗಿನ ಬಾಡಿಗೆ ಮನೆ ಬಿಟ್ಟು ಅವರು ನಮ್ಮಲ್ಲಿಗೆ ಬಂದಿದ್ದರು. ನನ್ನ ಗಂಡ ಎಣ್ಣೆ ಕಂಪನಿಯೊಂದರ ಗುತ್ತಿಗೆದಾರರ ಬಳಿ ಟೆಕ್ನಿಷಿಯನ್. ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಒಬ್ಬಳೇ ಮಗಳು. ಬಂದ ಸಂಜೆಯೇ ಚಹಾದ ಕಪ್ಪು ಕೆಳಗಿಟ್ಟು ಅತ್ತೆ ತಮ್ಮ ಷರತ್ತು ಹೇಳಿದರು.

"ನೋಡ್ರಿ, ಮದ್ಲ ಹೇಳಿಬಿಡ್ತೀನಿ. ನನ್ನ ತಲಿ ನಾ ಎರ್ಕೊಳ್ಳೂ ತನಕಾ ನಿಮ್ಮ ಮನ್ಯಾಗ ಇರ್ತೀನಿ. ಆಗಲಾರದ ದಿನ ಹುಬ್ಬಳ್ಳಿಗೆ ಮಗಳ ಮನಿಗೆ ಕಳಿಸಿಬಿಡ್ರಿ. ಅಕಿ ಮನ್ಯಾಗ ಇರಾಕಿ. ನೀವಿಬ್ರೂ ದುಡಿಯವ್ರು."

ನಾವು ನಕ್ಕೆವು. ಅವರು ನಗಲಿಲ್ಲ. ಅವರ ಕೂದಲು ಆಗಲೂ ಸೊಂಟದವರೆಗೆ ಇತ್ತು. ಅಷ್ಟು ಕೂದಲಿಗೆ ಒಬ್ಬರೇ ನೀರು ಹಾಕಿಕೊಳ್ಳುವುದು ಕಷ್ಟವೆಂದು ಮೊದಲ ಶುಕ್ರವಾರ ನಾನು ಬಚ್ಚಲಮನೆಗೆ ಹೋಗಿ ಚರಿಗೆ ಕೈಗೆತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ಮೆಲ್ಲನೆ ಬಿಡಿಸಿಕೊಂಡರು.

"ಬ್ಯಾಡವಾ. ಹೆಣ್ಣಮಗಳ ತಲಿಗೆ ಮಂದಿ ನೀರು ಹಾಕೂದು ಕೂಸಿದ್ದಾಗ, ಮದುವಿಯಾಗ, ಬಾಣಂತಿದ್ದಾಗ. ನನಗ ಅವು ಮೂರೂ ಮುಗದಾವ. ಇನ್ನ ಉಳದದ್ದು ಒಂದ. ಅದಕ್ಕ ಇಷ್ಟ ಲಗೂ ಯಾಕ?"

ನಮ್ಮ ಕಡೆ ಹೆಂಗಸರು ಇಂಥ ಸಾವಿನ ಮಾತನ್ನು ಉಪ್ಪಿನಕಾಯಿ ಬಡಿಸಿದಷ್ಟು ಸಲೀಸಾಗಿ ಆಡುತ್ತಾರೆ. ಹಾಳಾದ ಮಾತು ಎಂದು ನಾನು ಸಿಡುಕಿ ಹೊರಗೆ ಬಂದೆ. ಆದರೆ ಮತ್ತೆ ಯಾವತ್ತೂ ಅವರು ಎರೆದುಕೊಳ್ಳುವಾಗ ಬಚ್ಚಲಿಗೆ ಕಾಲಿಡಲಿಲ್ಲ.

ಶುಕ್ರವಾರ ಇಲ್ಲಿ ಎಲ್ಲರಿಗೂ ರಜೆ. ಹೀಗಾಗಿ ಊರಿನ ಎರೆಯುವ ದಿನವೂ ಕುವೈತಿನ ರಜೆಯೂ ಒಂದೇ ಆಗಿ ಅತ್ತೆಗೆ ಈ ದೇಶದ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಕೆಲಸ ಶುರುವಾಗುತ್ತಿದ್ದುದು ಗುರುವಾರ ಸಂಜೆ. ಅಂಟವಾಳಕಾಯಿಯನ್ನು ಕುಟ್ಟಾಣಿಯಲ್ಲಿ ಒಂದೇ ಏಟಿಗೆ ಒಡೆದು ಒಳಗಿನ ಕರಿ ಬೀಜ ತೆಗೆದುಹಾಕುವರು. ನೊರೆ ಬರುವುದು ಸಿಪ್ಪೆಯಲ್ಲಿ, ಬೀಜಕ್ಕೆ ಕೆಲಸವಿಲ್ಲ. ಸೀಗೆಕಾಯಿಯನ್ನು ಮುರಿದು, ಒಂದು ಚಿಟಿಕೆ ಮೆಂತ್ಯ ಸೇರಿಸಿ, ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರಿಗೆ ನೆನೆಹಾಕುವರು. ನನ್ನ ಕಬ್ಬಿಣದ ಬಾಣಲೆಯನ್ನು ಒಮ್ಮೆ ಕೊಟ್ಟಿದ್ದಕ್ಕೆ ಬೈಸಿಕೊಂಡೆ, ಕಬ್ಬಿಣದಲ್ಲಿ ಇಟ್ಟರೆ ನೀರು ಮಸಿಯ ಹಾಗೆ ಕಪ್ಪಾಗುತ್ತದೆ. ಸೀಗೆಕಾಯಿ ಹೆಚ್ಚು, ಅಂಟವಾಳ ಕಡಿಮೆ. ಬರೀ ಸೀಗೆಕಾಯಿಯಾದರೆ ಎಣ್ಣೆ ಪೂರ್ತಿ ಬಿಡದು, ಬರೀ ಅಂಟವಾಳವಾದರೆ ಕೂದಲು ತೆಂಗಿನ ನಾರಾಗುತ್ತದೆ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಸುವಾಗ ಅದು ಹಾಲಿನಂತೆ ಉಕ್ಕುತ್ತದೆ, ಬಿಟ್ಟು ಅತ್ತಿತ್ತ ಹೋಗುವಂತಿಲ್ಲ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ, ಹಳೆಯ ಧೋತರದ ತುಂಡಿನಲ್ಲಿ ಸೋಸುವರು. ಆ ಕಂದು ನೀರಿನಲ್ಲಿ ಸೀಗೆಪುಡಿ ಮತ್ತು ಹೆಸರುಹಿಟ್ಟನ್ನು ತೆಳ್ಳಗೆ ಕಲಸಿದರೆ ತಯಾರು.

ಹುಳಿಯೂ ಮಣ್ಣೂ ಬೆರೆತಂಥ ಅದರ ವಾಸನೆ ಶುಕ್ರವಾರ ಬೆಳಿಗ್ಗೆ ಇಡೀ ಫ್ಲಾಟಿನಲ್ಲಿ ತುಂಬಿ, ಬಾಗಿಲ ಸಂದಿಯಿಂದ ಲಿಫ್ಟಿನವರೆಗೂ ಹೋಗುತ್ತಿತ್ತು. ಎದುರು ಮನೆಯ ಮಲಯಾಳಿ ಹೆಂಗಸು ಲಿಫ್ಟಿನಲ್ಲಿ ಸಿಕ್ಕಾಗ, ನಿಮ್ಮ ಅಮ್ಮ ಇವತ್ತು ತಲೆಗೆ ಸ್ನಾನ ಮಾಡಿದರಲ್ಲವೇ ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು.

ಬೇಸಿಗೆಯಲ್ಲಿ ಅತ್ತೆಗೆ ಒಂದು ವಿನೋದ. ಇಲ್ಲಿ ಬೇಸಿಗೆ ಬಂತೆಂದರೆ ಮಾಳಿಗೆಯ ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ, ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆದ್ದರಿಂದ ಗೀಸರ್ ಆರಿಸಿ ಇಡುತ್ತೇವೆ. ಎ.ಸಿ. ಮನೆಯೊಳಗೆ ಗೀಸರಿನಲ್ಲಿ ನಿಂತ ನೀರು ತಣ್ಣಗಾಗಿರುತ್ತದೆ, ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. "ಈ ಊರಾಗ ನೀರೂ ಉಲ್ಟಾ" ಎನ್ನುತ್ತ ಅವರು ಎರಡನ್ನೂ ಬೆರೆಸಿ, ಮೊಣಕೈ ಅದ್ದಿ ಹದ ನೋಡುತ್ತಿದ್ದರು.

ಅದೇ ಬಚ್ಚಲಿನ ಇನ್ನೊಂದು ಗೋಡೆ ಮಗಳದು. ಅವಳ ಬಾಟಲಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ಒಂದು ಶಾಂಪೂ, ಒಂದು ಕಂಡೀಷನರ್, ಎಣ್ಣೆ ಪೂರ್ತಿ ಕೀಳುವ ಇನ್ನೊಂದು ಶಾಂಪೂ, ಡಬ್ಬಿಯಲ್ಲಿ ಬೆಣ್ಣೆಯಂಥದ್ದೊಂದು, ಒದ್ದೆ ಕೂದಲಿಗೆ ಹಚ್ಚುವ ಸೀರಮ್. ಎಲ್ಲದರ ಮೇಲೂ ಇಂಗ್ಲಿಷು, ಅರಬ್ಬಿ. ಅತ್ತೆ ಅದನ್ನು ಔಷಧಿ ಅಂಗಡಿ ಎಂದು ಕರೆಯುತ್ತಿದ್ದರು.

ಮೊಮ್ಮಗಳ ತಲೆಗೆ ಎರೆಯಬೇಕೆಂಬುದು ಅವರಿಗಿದ್ದ ಒಂದೇ ಆಸೆ. ಅವಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಒಂದು ಸಲ ಒಪ್ಪಿದಳು. ಅತ್ತೆ ಹಬ್ಬದ ಹಾಗೆ ತಯಾರಿ ಮಾಡಿಕೊಂಡು, ನೆತ್ತಿಗೆ ಬಿಸಿ ಎಣ್ಣೆ ತಟ್ಟಿ, ಮಣೆಯ ಮೇಲೆ ಕೂರಿಸಿ, "ಕಣ್ಣ ಮುಚ್ಚು, ಕೂಸ, ಕಣ್ಣ ಬಿಟ್ಟೀ ಅಂದ್ರ ಉರೀತದ" ಎಂದು ಹತ್ತು ಸಲ ಹೇಳಿ ಎರೆದರು. ಕೂದಲು ಒಣಗಿದ ಮೇಲೆ ನೋಡಿದರೆ ಮೇಣ ಸವರಿದ ಹಾಗೆ ಅಂಟಂಟು. ಪುಡಿ ಒಳಗೇ ಸಿಕ್ಕಿಕೊಂಡು ಬಾಚಣಿಗೆ ಓಡದು. ಶುಕ್ರ, ಶನಿ ರಜೆ ಮುಗಿದು ಭಾನುವಾರ ಶಾಲೆಯಲ್ಲಿ ಯಾರೋ, ಮರಳುಗಾಳಿಯಲ್ಲಿ ಸಿಕ್ಕಿಕೊಂಡಿದ್ದೆಯಾ ಎಂದು ಕೇಳಿದರಂತೆ. ಮಗಳು ಮನೆಗೆ ಬಂದು ಬ್ಯಾಗು ಬಿಸಾಕಿ ಅತ್ತಳು.

"ಅಜ್ಜಿ, ಪ್ಲೀಸ್. ಡೋಂಟ್ ಟಚ್ ಮೈ ಹೇರ್ ಅಗೇನ್. ಎವರ್."

ಅತ್ತೆಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೆ ಅದು ಅರ್ಥವಾಗಲು ಇಂಗ್ಲಿಷು ಬೇಕಿರಲಿಲ್ಲ. ಸೀಗೆಕಾಯಿಯದು ತಪ್ಪಿರಲಿಲ್ಲ ಎಂದು ಬಹಳ ದಿನಗಳ ಮೇಲೆ ಮಗಳೇ ಎಲ್ಲಿಯೋ ಓದಿ ನನಗೆ ಹೇಳಿದಳು. ಅವಳ ಕಂಡೀಷನರು, ಸೀರಮ್ಮುಗಳಲ್ಲಿ ಸಿಲಿಕೋನ್ ಇರುತ್ತದಂತೆ. ಅದು ಕೂದಲಿನ ಮೇಲೆ ಪದರವಾಗಿ ಕೂರುತ್ತದಂತೆ. ಸೀಗೆಕಾಯಿ ಮೆತ್ತನೆಯ ವಸ್ತು, ಮೈಯೆಣ್ಣೆ ತೆಗೆದೀತೇ ಹೊರತು ಆ ಪದರ ಅದರ ಕೈಗೆ ಬಗ್ಗುವುದಿಲ್ಲವಂತೆ. ಅದನ್ನು ಅಜ್ಜಿಗೂ ಹೇಳು ಎಂದೆ. ಹೇಳುತ್ತೇನೆ ಎಂದಳು. ಹೇಳಲಿಲ್ಲ. ಅಜ್ಜಿಯೂ ಮತ್ತೆ ಕೇಳಲಿಲ್ಲ. ಒಂದೇ ಬಚ್ಚಲಿನಲ್ಲಿ ಒಂದು ಗೋಡೆಗೆ ಸೀಗೆಕಾಯಿಯ ಪಾತ್ರೆ, ಇನ್ನೊಂದು ಗೋಡೆಗೆ ಬಾಟಲಿಗಳು. ವರ್ಷಗಟ್ಟಲೆ ಹಾಗೇ ನಡೆಯಿತು.

ಕಳೆದ ವರ್ಷ ಮಗಳು ಹನ್ನೆರಡನೆಯ ಕ್ಲಾಸು ಮುಗಿಸಿದಳು. ಶಾಲೆಯ ಕಟ್ಟುಪಾಡು ತಪ್ಪಿದ್ದೇ ತಡ, ಸಾಲ್ಮಿಯಾದ ಸಲೂನಿಗೆ ಹೋಗಿ ಕೂದಲಿನ ತುದಿಗೆ ಬ್ಲೀಚ್ ಮಾಡಿಸಿ ಒಣಹುಲ್ಲಿನ ಬಣ್ಣ ಬಳಿಸಿಕೊಂಡು ಬಂದಳು. ನಾನು ಕೂಗಾಡಿದೆ. ಅತ್ತೆ ಮಾತ್ರ, "ಇರಲಿ ಬಿಡವಾ, ಕೂದಲಾ ಬೆಳೀತದ" ಎಂದರು. ಆ ಬಣ್ಣ ಹಳದಿಗೆ ತಿರುಗಬಾರದೆಂದು ಬಾಟಲಿಗಳ ಸಾಲಿಗೆ ಹೊಸದೊಂದು ಸೇರಿತು. ದೊಡ್ಡ ಬಾಟಲಿ, ಮೇಲೆ ಒತ್ತುವ ಪಂಪು, ಒಳಗೆ ಕಡು ನೇರಳೆ ಶಾಂಪೂ. ಹಳದಿಯನ್ನು ನೇರಳೆ ಅಡಗಿಸುತ್ತದಂತೆ. ಒಂದೆರಡು ನಿಮಿಷಕ್ಕಿಂತ ಹೆಚ್ಚು ಬಿಡಬಾರದು ಎಂದು ಅವಳು ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಸ್ನಾನಕ್ಕೆ ಹೋಗುತ್ತಿದ್ದಳು.

ಅದೇ ದಿನಗಳಲ್ಲಿ ಅತ್ತೆಯ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಮುಗಿಯುತ್ತ ಬಂದಿತ್ತು. ನವೀಕರಿಸಬೇಕು, ಸಿವಿಲ್ ಐಡಿಗೆ ಹೊಸ ಫೋಟೋ ಬೇಕು. ಕೆಳಗಿನ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡು ಬರೋಣ ಎಂದು ನನ್ನ ಗಂಡ ಕರೆದಾಗಲೆಲ್ಲ ಅತ್ತೆ, ಇವತ್ತು ಬೇಡ, ಮುಂದಿನ ವಾರ ನೋಡೋಣ ಎನ್ನುತ್ತಿದ್ದರು. ಬಿಸಿಲು ಎನ್ನುವರು, ಸೀರೆ ಇಸ್ತ್ರಿ ಆಗಿಲ್ಲ ಎನ್ನುವರು. ಜೋಳದ ರೊಟ್ಟಿ ಬಡಿಯುವುದನ್ನೂ ಬಿಟ್ಟಿದ್ದರು. ಇಲ್ಲಿಯ ಹಿಟ್ಟಿಗೆ ಜಿಗಟೇ ಇಲ್ಲ, ಚಪಾತಿಯನ್ನೇ ಮಾಡು ಎಂದು ನನಗೆ ಹೇಳಿದ್ದರು. ಇಳಿವಯಸ್ಸಿನ ಹಟ ಎಂದುಕೊಂಡೆ. ಉದ್ದ ಹೆರಳು ಹೋಗಿ ತುರುಬು ಬಂತು, ತುರುಬು ಹೋಗಿ ಮಗಳ ಹಳೆಯ ಪ್ಲಾಸ್ಟಿಕ್ ಕ್ಲಿಪ್ಪು ಬಂತು. ಸೆಕೆ ಎಂದುಕೊಂಡೆ. ಮನೆಯಲ್ಲಿ ನಾವು ಒಬ್ಬರನ್ನೊಬ್ಬರು ನೋಡುವುದೇ ಹೀಗೆ, ಅರ್ಧ ಕಣ್ಣಲ್ಲಿ.

ಅವರ ಕೂದಲು ಮಾತ್ರ ಬೆಳ್ಳಗಾಗಿತ್ತು. ಸೀಗೆಕಾಯಿ ಹಾಕುವವರ ನರೆಗೂದಲಿಗೆ ತೆಳುವಾದ ಕಂದು ಛಾಯೆ ಇರುತ್ತದೆ, ಹಳೆಯ ಪಂಚೆಯ ಹಾಗೆ. ಅದು ಹೋಗಿ ಹತ್ತಿಯ ಹಾಗೆ ಬೆಳ್ಳಗೆ, ಹಗುರಾಗಿ ಹಾರಾಡುತ್ತಿತ್ತು. ಲಿಫ್ಟಿನಲ್ಲಿ ಎದುರು ಮನೆಯಾಕೆ ಹೊಗಳಿದಳು. ನಾನು ಅದನ್ನೇ ಅತ್ತೆಗೆ ಹೇಳಿದರೆ ಅವರು ಮುಖ ತಿರುಗಿಸಿದರು.

ಒಂದು ಶುಕ್ರವಾರ ಎರೆದುಕೊಂಡು ಬಂದು ಅವರು ನಡುಮನೆಯ ಕಿಟಕಿಯ ಬಳಿ ಕುರ್ಚಿಗೆ ಕೂದಲು ಹರವಿಕೊಂಡು ಕೂತಿದ್ದರು. ಬೆಳಗಿನ ಬಿಸಿಲು ನೇರ ಕೂದಲ ಮೇಲೆ ಬೀಳುತ್ತಿತ್ತು. ಮನೆಯ ತುಂಬ ಎಂದಿನ ಸೀಗೆಕಾಯಿ ವಾಸನೆ. ಮಗಳು ತಡವಾಗಿ ಎದ್ದು ಕಣ್ಣುಜ್ಜುತ್ತ ಬಂದವಳು ಗಕ್ಕನೆ ನಿಂತಳು. ಆಮೇಲೆ ನಗತೊಡಗಿದಳು.

"ಅಜ್ಜೀ! ಯುವರ್ ಹೇರ್ ಈಸ್ ಪರ್ಪಲ್!"

ನಾನೂ ನೋಡಿದೆ. ಹೌದು, ಬಿಳಿಯ ಕೂದಲಿನಲ್ಲಿ ತೆಳ್ಳಗೆ ನೇರಳೆ. ಪರದೆಯ ಬಣ್ಣ ಬಿದ್ದಿರಬೇಕೆಂದು ಪರದೆ ಸರಿಸಿದೆ. ಬಣ್ಣ ಹೋಗಲಿಲ್ಲ. ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಎಳೆದುಕೊಂಡದ್ದು ಎಡಗೈಯಿಂದ.

ಮಗಳ ನಗು ಅಲ್ಲಿಗೇ ನಿಂತಿತು. ಅವಳು ಬಚ್ಚಲಮನೆಗೆ ಹೋದಳು, ಪಂಪಿನ ಬಾಟಲಿ ಹಿಡಿದುಕೊಂಡು ಬಂದು ನನ್ನನ್ನು ಅಡಿಗೆಮನೆಗೆ ಕರೆದಳು, ಬಾಗಿಲು ಮುಂದೆ ಮಾಡಿದಳು.

"ಮಮ್ಮಿ, ಅಜ್ಜಿ ನನ್ನ ಶಾಂಪೂ ಯೂಸ್ ಮಾಡ್ತಿದಾಳೆ."

"ಹುಚ್ಚಿ! ಮೂಗು ಇಲ್ಲೇನು ನಿನಗ? ಮನಿತುಂಬ ಸೀಗಿಕಾಯಿ ವಾಸನಿ ಬರಾಕತ್ತೈತಿ."

ಅವಳು ನನ್ನ ಕೈ ಹಿಡಿದು ಬಚ್ಚಲಿಗೆ ಕರೆದೊಯ್ದಳು. ಗೂಟದಲ್ಲಿ ಅತ್ತೆಯ ಟವೆಲು ನೇತಾಡುತ್ತಿತ್ತು. ಎರೆದುಕೊಂಡ ದಿನ ಅದರ ಮೇಲೆ ಕಂದು ಕಲೆ ಬಿದ್ದು ನಾನು ಸೋಪು ತಿಕ್ಕಿ ಸೋಲುವುದು ವಾಡಿಕೆ. ಈಗ ಅದು ಬೆಳ್ಳಗಿತ್ತು. ನೀರು ಹೋಗುವ ಜಾಲರಿಯಲ್ಲಿ ಪುಡಿಯ ಗಸಿ ನಿಲ್ಲುತ್ತಿತ್ತು, ಅದೂ ಇರಲಿಲ್ಲ. ಸೀಗೆಕಾಯಿಯ ಪಾತ್ರೆ ಖಾಲಿಯಾಗಿ ಬೋರಲು ಬಿದ್ದಿತ್ತು. ಕುದಿಸಿ, ಸೋಸಿ, ಕಲಸಿ, ಬಾಗಿಲು ಹಾಕಿಕೊಂಡು ಅದಷ್ಟನ್ನೂ ಅವರು ಕಮೋಡಿಗೆ ಸುರಿದುಬಿಟ್ಟಿದ್ದರು.

"ಬಟ್ ವೈ ದಿಸ್ ಒನ್?" ಮಗಳು ತನ್ನಷ್ಟಕ್ಕೆ ಕೇಳಿಕೊಳ್ಳುತ್ತ ಒಂದೊಂದೇ ಬಾಟಲಿ ಎತ್ತಿದಳು. ಒಂದರ ಮುಚ್ಚಳ ತಿರುಗಿಸಬೇಕು. ಇನ್ನೊಂದನ್ನು ಒಂದು ಕೈಯಲ್ಲಿ ಬೋರಲು ಹಿಡಿದು ಹಿಂಡಿ, ಇನ್ನೊಂದು ಕೈ ಒಡ್ಡಬೇಕು. ಪಂಪಿನ ಬಾಟಲಿಯನ್ನು ಮೋಟುಗೋಡೆಯ ಅಂಚಿಗೆ ಇಟ್ಟು, ಕೆಳಗೆ ಚರಿಗೆ ಇಟ್ಟು, ಒಂದು ಕೈಯಿಂದ ಒತ್ತಿದಳು. ನೇರಳೆ ಶಾಂಪೂ ಚರಿಗೆಗೆ ಬಿತ್ತು. ನೀರು ಬಿಟ್ಟಳು, ನೊರೆ ಎದ್ದಿತು.

"ಒಂದೇ ಕೈಯಲ್ಲಿ ಆಗೋದು ಇದೊಂದೇ, ಮಮ್ಮಿ."

ಸೀಗೆಪುಡಿಗೆ ಎರಡು ಕೈ ಬೇಕು. ಕೂದಲು ಎಳೆ ಎಳೆ ಬಿಡಿಸಿ ಎತ್ತಬೇಕು, ಬುಡಕ್ಕೆ ತಿಕ್ಕಬೇಕು, ಒಂದು ಕೈ ನೀರು ಹಾಕುವಾಗ ಇನ್ನೊಂದು ಪುಡಿ ಬಿಡಿಸುತ್ತಿರಬೇಕು. ಶಾಂಪೂ ತಾನೇ ಹರಡಿಕೊಳ್ಳುತ್ತದೆ. ತೆಳ್ಳಗೆ ಮಾಡಿ ಸುರಿದುಕೊಂಡರೆ ಒಂದು ಕೈ ಸಾಕು. ಆದರೆ ಅವರು ಸೀಗೆಕಾಯಿಯ ಶಿಸ್ತಿನವರು. ಹಚ್ಚಿದ ಮೇಲೆ ಕೆಲಸ ಮಾಡಲು ಸ್ವಲ್ಪ ಹೊತ್ತು ಬಿಡಬೇಕು ಎಂದು ಅದನ್ನೂ ಬಿಟ್ಟುಕೊಂಡು ಕೂತಿದ್ದರು. ಆ ಬಾಟಲಿಯ ಮೇಲೆ ಬರೆದದ್ದನ್ನು ಅವರಿಗೆ ಓದಲು ಬರುತ್ತಿರಲಿಲ್ಲ. ವಾರ ವಾರ ಹಳದಿ ಹೋಗಿ, ಬಿಳಿ ಬಂದು, ಬಿಳಿಯ ಮೇಲೆ ನೇರಳೆ ಕೂತಿತ್ತು.

ನಾವು ಹೊರಗೆ ಬಂದಾಗ ಅವರು ಹಾಗೇ ಕೂತಿದ್ದರು. ಬಲಗೈ ಮಡಿಲಲ್ಲಿ, ಬೇರೆ ಯಾರದೋ ಕೈಯನ್ನು ತಂದು ಇಟ್ಟ ಹಾಗೆ. ಮಗಳು ಅವರ ಕಾಲ ಬಳಿ ಕೂತು ಆ ಕೈ ಎತ್ತಿ ಹಿಡಿದು, "ಪ್ರೆಸ್ ಮಾಡು ಅಜ್ಜಿ, ಗಟ್ಟಿಯಾಗಿ" ಎಂದಳು. ಬೆರಳುಗಳು ಅರ್ಧ ಮಡಚಿ ನಿಂತವು.

ನನಗೆ ಅಳು ಬರುವ ಮೊದಲು ಸಿಟ್ಟೇ ಬರುತ್ತದೆ. "ಎಷ್ಟ ದಿನದಿಂದ ಹಿಂಗ ಆಗೇದ್ರಿ? ಬಾಯಿ ಇರಲಿಲ್ಲೇನ್ರಿ ನಿಮಗ?" ಎಂದು ಕೂಗಿದೆ.

"ರಂಜಾನ್ ಮುಗದ ಮ್ಯಾಲ" ಎಂದರು. "ಒಂದಿನ ಮುಂಜಾನೆ ಎದ್ದಾಗ ಕೈ ಜೋಮು ಹಿಡದಂಗ ಆತು. ನಾಲಿಗಿನೂ ದಪ್ಪ ಆಗಿತ್ತು. ನಾಲಿಗಿ ಮಧ್ಯಾಹ್ನಕ್ಕ ಬಿಡ್ತು. ಕೈನೂ ಬಿಡ್ತದ ಅಂದಕೊಂಡೆ."

"ಮತ್ತ ದರ ವಾರ ಅದನ್ನ ಕುದಿಸಿ ಚೆಲ್ಲತಿದ್ರಿ, ಅದು ಯಾಕ?"

ಅವರು ಕಿಟಕಿಯ ಕಡೆ ನೋಡಿದರು. "ವಾಸನಿ ಬರಲಿಲ್ಲಂದ್ರ ನೀವು ಕೇಳತಿದ್ರಿ."

ಆ ಕೈಯಲ್ಲಿ ಅವರು ಹೇಗೆ ಕಾಯಿ ಒಡೆದರೋ, ಹೇಗೆ ಕಿವುಚಿದರೋ. ಇತ್ತೀಚೆಗೆ ಆ ನೀರು ತೆಳುವಾಗಿದ್ದದ್ದು ನನಗೆ ಆಗ ನೆನಪಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಅದೇ ದಿನ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನ್ ಆಯಿತು. ಮೆದುಳಿಗೆ ರಕ್ತ ಹೋಗುವ ಒಂದು ಸಣ್ಣ ನಾಳ ಕಟ್ಟಿಕೊಂಡಿತ್ತು, ಆದದ್ದು ಹಳೆಯದು ಎಂದರು ಡಾಕ್ಟರು. ಆ ಬೆಳಿಗ್ಗೆಯೇ ಬಂದಿದ್ದರೆ ಬೇರೆ ಮಾತಿತ್ತು, ಈಗ ಇನ್ನೊಂದು ಆಗದಂತೆ ಮಾತ್ರೆ, ಕೈಗೆ ವ್ಯಾಯಾಮ, ಸ್ವಲ್ಪ ಬಲ ಬರಬಹುದು, ಪೂರ್ತಿ ಬರಲಾರದು. ನನ್ನ ಗಂಡ ಅದನ್ನು ತನ್ನ ತಾಯಿಗೆ ಕನ್ನಡದಲ್ಲಿ ಹೇಳುವಾಗ ಕೊನೆಯ ಮಾತನ್ನು ನುಂಗಿದ. ಅವರೇ ಕೇಳಿದರು, "ಪೂರ್ತಿ ಬರೂದಿಲ್ಲಂದ್ರೇನು?" ಅವನು ತಲೆಯಾಡಿಸಿದ.

ಮನೆಗೆ ಬಂದ ರಾತ್ರಿ ಊಟದ ಮೇಲೆ ಅವರು ಹೇಳಿದರು, "ನಾ ಮೊದಲ ಹೇಳಿದ್ದೆ. ಆ ದಿನ ಬಂತು. ಹುಬ್ಬಳ್ಳಿಗೆ ಫೋನ್ ಹಚ್ಚು, ಟಿಕೀಟು ತಗಸು."

"ಅವ್ವಾ, ಯಾರೂ ಕಳಸೂದಿಲ್ಲ ನಿನ್ನ."

"ನೀ ಕಳಸೂದಲ್ಲೋ. ನಾ ಹೋಗೂದು. ಮುಂಜಾನೆ ನೀವಿಬ್ರೂ ಹೋಗ್ತೀರಿ. ನನ್ನ ತಲಿಗೆ ನೀರು ಹಾಕಾಕ ಯಾರು ರಜಾ ಹಾಕವ್ರು? ನನ್ನ ಸಲವಾಗಿ ಯಾರ ಜೀವಾನೂ ಗಂಟು ಬೀಳಬಾರದು."

ಅವನು ವಾದಿಸಿದ, ನಾನೂ ವಾದಿಸಿದೆ. ಆದರೆ ಮಾತು ಕೊಟ್ಟವರ ಮುಖದಲ್ಲಿ ಇರುವ ಗಟ್ಟಿತನ ಅವರ ಮುಖದಲ್ಲಿತ್ತು.

ಆ ಮೇಲಿನ ಶುಕ್ರವಾರ ಅತ್ತೆ ಎರೆದುಕೊಳ್ಳಲಿಲ್ಲ. ಸೀಗೆಕಾಯಿಯೂ ಇಲ್ಲ, ಶಾಂಪೂವೂ ಇಲ್ಲ. ಗುಟ್ಟು ಬಯಲಾದ ಮೇಲೆ ಬಾಟಲಿ ಮುಟ್ಟಲು ಅವರಿಗೆ ನಾಚಿಕೆ. ನಾನು ಹಾಕುತ್ತೇನೆಂದರೆ ಕೈ ಮುಗಿದರು. ಅದರ ಮುಂದಿನ ವಾರವೂ ಹಾಗೇ ಆಯಿತು. ಮನೆಯಲ್ಲಿ ಆ ವಾಸನೆ ಇಲ್ಲದೆ ಶುಕ್ರವಾರ ಯಾವ ದಿನ ಎಂದೇ ತಿಳಿಯುತ್ತಿರಲಿಲ್ಲ. ಎದುರು ಮನೆಯಾಕೆ ಬಾಗಿಲು ತಟ್ಟಿ, ಅಮ್ಮ ಆರಾಮವೇ ಎಂದು ಕೇಳಿ ಹೋದಳು. ಅತ್ತೆ ತಮ್ಮ ಸೀರೆಗಳನ್ನು ಒಂದೇ ಕೈಯಲ್ಲಿ ಮಡಚಿ ಸೂಟ್‌ಕೇಸಿನಲ್ಲಿ ಇಡತೊಡಗಿದ್ದರು.

ಅದಾದ ಮೇಲೆ ಒಂದು ಗುರುವಾರ ಸಂಜೆ ನಾನು ಶಾಲೆಯ ಪೇಪರು ತಿದ್ದುತ್ತ ಕೂತಿದ್ದಾಗ ಅಡಿಗೆಮನೆಯಿಂದ ಕುಟ್ಟಾಣಿಯ ಸದ್ದು ಬಂತು. ಮಗಳು ಅಂಟವಾಳಕಾಯಿಯನ್ನು ಬೀಜ ಸಮೇತ ಜಜ್ಜುತ್ತಿದ್ದಳು. ನಡುಮನೆಯಲ್ಲಿ ಕೂತಿದ್ದ ಅತ್ತೆ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ತಡೆಯಲಾಗಲಿಲ್ಲ.

"ಬೀಜ ತಗೀಬೇಕ, ಹುಡುಗಿ! ಬೀಜಾ ಕುಟ್ಟಿ ಏನ ಮಾಡ್ತೀ?"

"ಹೌ ಮೆನಿ, ಅಜ್ಜಿ? ಇಷ್ಟು ಸಾಕಾ?"

"ಅಷ್ಟ್ಯಾಕ! ನಾರಾಗ್ತದ ತಲಿ. ಅರ್ಧಾ ತಗಿ. ಸೀಗಿಕಾಯಿ ಹೆಚ್ಚ ಹಾಕು."

ಅತ್ತೆ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮರುದಿನ ಬೆಳಿಗ್ಗೆ ಮಗಳು ಒಲೆಯ ಮುಂದೆ ಫೋನು ನೋಡುತ್ತ ನಿಂತು, ಅದು ಉಕ್ಕಿ, ಒಲೆಯೆಲ್ಲ ಕಂದು ನೊರೆಯಾಯಿತು. ಬೈಯಲು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಒರೆಸುವ ಬಟ್ಟೆ ತಂದೆ. ಕಿವುಚಲು ಮಗಳು ಎರಡೂ ಕೈ ಹಾಕಿದಳು. ಅತ್ತೆ ಎಡಗೈಯ ಎರಡು ಬೆರಳಿನಲ್ಲಿ ನೀರು ಮುಟ್ಟಿ ನೋಡಿ, ಜಿಗುಟು ಸಾಲದು, ಇನ್ನೂ ಹಿಂಡು ಎಂದರು.

ಬಚ್ಚಲಲ್ಲಿ ಎರಡು ಮಣೆ ಹಾಕಿತ್ತು. ಮಗಳು ಹಿಂದಿನ ರಾತ್ರಿಯೇ ತನ್ನ ಎಣ್ಣೆ ಕೀಳುವ ಶಾಂಪೂವಿನಲ್ಲಿ ತಲೆ ತೊಳೆದು, ಮೇಲಿನ ಸಿಲಿಕೋನ್ ಪದರ ತೆಗೆದುಕೊಂಡಿದ್ದಳು. ಅದನ್ನು ಅಜ್ಜಿಗೆ ತನ್ನ ಮುರುಕು ಕನ್ನಡದಲ್ಲಿ ವಿವರಿಸಿದಳು, ಆ ಸಲ ಅಂಟಾದದ್ದು ನಿನ್ನ ಸೀಗೆಕಾಯಿಯಿಂದ ಅಲ್ಲ, ನನ್ನ ಬಾಟಲಿಯಿಂದ ಎಂದು. ಆಮೇಲೆ ಮುಂದಿನ ಮಣೆಯ ಮೇಲೆ ಬೆನ್ನು ಕೊಟ್ಟು ಕೂತು ತಲೆ ಬಗ್ಗಿಸಿದಳು.

"ನಂಗೆ ಫಸ್ಟ್ ಹಾಕು, ಅಜ್ಜಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಅವರು ಕೂತು, ಎಡಗೈಯಲ್ಲಿ ಚರಿಗೆ ಹಿಡಿದು ನೀರು ಹಾಕಿದರು. ಮೊದಲ ಚರಿಗೆ ಅರ್ಧ ಅವಳ ಬೆನ್ನಿಗೆ ಹೋಯಿತು. "ತಿಕ್ಕು. ಬುಡಕ್ಕ. ಉಗುರು ಹಚ್ಚಬ್ಯಾಡ, ಬೆರಳ ತುದೀಲೆ" ಎಂದರು. ಮಗಳು ತಿಕ್ಕಿಕೊಂಡಳು. ಇವರು ಹಾಕುತ್ತ ಹೋದರು, ನೀರು ಕಂದು ಹೋಗಿ ತಿಳಿಯಾಗುವ ತನಕ. ಒಂದು ಎಳೆಯನ್ನು ಬೆರಳಿನಲ್ಲಿ ಎಳೆದು ನೋಡಿ, "ಹಾಂ, ಈಗ ಬಿಡ್ತು" ಎಂದರು.

ಮಗಳು ಒದ್ದೆ ತಲೆಯಲ್ಲೇ ಹಿಂದಕ್ಕೆ ತಿರುಗಿದಳು. ಅಜ್ಜಿಯ ಕೂದಲಿನ ಕ್ಲಿಪ್ಪಿಗೆ ಕೈ ಹಾಕಿದಳು. ಅತ್ತೆ ತಲೆ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ ಕೂಸ. ನನ್ನ ತಲಿಗೆ ಇನ್ನೊಬ್ರು ನೀರು ಹಾಕೂದು ಒಂದ ಸಲ. ಅದು ಇನ್ನೂ ಬಂದಿಲ್ಲ."

ಮಗಳು ಚರಿಗೆ ತುಂಬಿ ಅಜ್ಜಿಯ ಎಡಗೈಗೆ ಕೊಟ್ಟಳು.

"ನೀರು ನೀನೇ ಹಾಕ್ಕೋ ಅಜ್ಜಿ. ನಾನು ಹಾಕಲ್ಲ. ಐ ವಿಲ್ ಓನ್ಲಿ ರಬ್. ನನ್ನ ಕೈ ನಿನ್ನ ರೈಟ್ ಹ್ಯಾಂಡ್ ಅಷ್ಟೇ."

ಅತ್ತೆ ಚರಿಗೆ ಹಿಡಿದುಕೊಂಡೇ ಕೂತರು. ಸೂಟ್‌ಕೇಸು ಆಚೆ ಕೋಣೆಯಲ್ಲಿ ತೆರೆದೇ ಇತ್ತು. ಕೊನೆಗೆ ಅವರು ಚರಿಗೆ ಎತ್ತಿ ತಮ್ಮ ನೆತ್ತಿಯ ಮೇಲೆ ತಾವೇ ಸುರಿದುಕೊಂಡರು. ಮಗಳು ಕಲಸಿದ ಸೀಗೆಪುಡಿಯನ್ನು ಅಂಗೈಗೆ ತೆಗೆದುಕೊಂಡು, ಎಳೆ ಎಳೆ ಬಿಡಿಸಿ, ಬುಡಕ್ಕೆ ತಿಕ್ಕತೊಡಗಿದಳು. ಅಷ್ಟು ಉದ್ದದ ಕೂದಲು ಅವಳ ಕೈಗೆ ಸಿಗದೆ ಜಾರುತ್ತಿತ್ತು. ಹಣೆಯಿಂದ ಕಂದು ನೀರು ಇಳಿಯಿತು.

"ಅಜ್ಜಿ, ಕಣ್ಣ ಮುಚ್ಚು" ಎಂದಳು ಮಗಳು. "ಉರೀತದ."

ಅತ್ತೆ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಬಂತು. ಅದು ಸೀಗೆಕಾಯಿಯ ಉರಿಗೇ ಬಂದಿತ್ತೋ ಏನೋ, ನನಗೆ ಬಂದದ್ದಕ್ಕೆ ಸೀಗೆಕಾಯಿ ಕಾರಣವಾಗಿರಲಿಲ್ಲ. ಒಂದು ಚರಿಗೆ, ಇನ್ನೊಂದು ಚರಿಗೆ, ಅವರು ಸುರಿದುಕೊಳ್ಳುತ್ತಲೇ ಇದ್ದರು. ಇವಳು ಪುಡಿ ಬಿಡಿಸುತ್ತಲೇ ಇದ್ದಳು. ಬಹಳ ಹೊತ್ತು ಹಿಡಿಯಿತು.

ಒರೆಸಿದ ಟವೆಲುಗಳೆರಡೂ ಕಂದು ಕಲೆಯಾದವು. ಅತ್ತೆ ಕಿಟಕಿಯ ಬಳಿ ಕುರ್ಚಿಗೆ ಕೂದಲು ಹರವಿ ಕೂತರು. ಮಗಳು ಅವರ ಕಾಲ ಬಳಿ ಕೂತು ತನ್ನದನ್ನು ಬಾಚಿಕೊಳ್ಳುತ್ತಿದ್ದಳು. ಒಂದಷ್ಟು ಪುಡಿ ಉದುರಿತು, ಅವಳು ಅದನ್ನು ಕೊಡವಿ ಬಾಚುತ್ತಲೇ ಇದ್ದಳು. ಅಜ್ಜಿಯ ಕೂದಲಿನ ನೇರಳೆ ಪೂರ್ತಿ ಹೋಗಿರಲಿಲ್ಲ. ಇನ್ನಷ್ಟು ಸಲ ಎರೆದರೆ ಹೋಗುತ್ತದೆ ಎಂದು ಹೇಳಿದಳು. ಎಷ್ಟು ಸಲ ಎಂದು ಅತ್ತೆ ಕೇಳಿದರು. ಗೊತ್ತಿಲ್ಲ ಅಜ್ಜಿ, ತುಂಬಾ ಸಲ ಎಂದಳು ಮಗಳು.

ಅತ್ತೆ ಎಡಗೈಯಲ್ಲಿ ಕೂದಲಿನ ತುದಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಅದೇನೋ ಫೋಟೋ ಬೇಕಂತಿದ್ರಲ್ಲ, ಇಕಾಮಾಕ್ಕ. ಇನ್ನ ಸ್ವಲ್ಪ ಹೊತ್ತಿಗೆ ತಲಿ ಒಣಗ್ತದ. ಹೋಗೂಣು ನಡಿ."